ರಕ್ತ ಹುಟ್ಟುವುದಿಲ್ಲ ಎಂದವರು

ನನ್ನ ತಂಗಿಯ ಮೈಯಲ್ಲಿ ರಕ್ತವೇ ಹುಟ್ಟುವುದಿಲ್ಲ ಎಂದು ಅವಳ ಗಂಡನ ಮನೆಯವರು ತೀರ್ಮಾನ ಮಾಡಿಬಿಟ್ಟಿದ್ದರು. ಎಂಬತ್ತರ ದಶಕದ ಕೊನೆಯ ಮಾತಿದು. ಇಷ್ಟು ವರ್ಷವಾದರೂ ನೆನಪಾದರೆ ಮೈ ಉರಿಯುತ್ತದೆ. ಕ್ಷಮಿಸಿಬಿಡು ಎಂದು ನನಗೆ ಬಹಳ ಜನ ಹೇಳಿದ್ದಾರೆ. ಹೇಳುವವರಿಗೇನು, ಸೂಜಿ ಚುಚ್ಚಿಸಿಕೊಂಡವರು ಅವರಲ್ಲವಲ್ಲ.

ನಾನಾಗ ಅಥಣಿಯ ಒಂದು ಕನ್ನಡ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ; ನಮ್ಮ ಕಡೆ ಶಾಲೆಯ ಟೀಚರಮ್ಮನನ್ನು ಬಾಯಾರು ಎನ್ನುತ್ತಾರೆ. ತಂಗಿಯನ್ನು ಐನಾಪುರದ ಕಡೆ ದ್ರಾಕ್ಷಿ ತೋಟ, ಕಬ್ಬು ಎಲ್ಲ ಇದ್ದ ಮನೆಗೆ ಕೊಟ್ಟಿದ್ದೆವು. ಅವರೂ ನಮ್ಮ ಹಾಗೆ ಜೈನರು. ಮದುವೆಯಾದ ಮರುವರ್ಷ ಅವಳ ಕಾಲ ಮೇಲೆ ಸಣ್ಣ ಸಣ್ಣ ಕೆಂಪು ಚುಕ್ಕಿಗಳೆದ್ದವು. ಒತ್ತಿದರೂ ಅವು ಮಾಯವಾಗುತ್ತಿರಲಿಲ್ಲ. ಬಳೆಗಾರ ಬಳೆ ಏರಿಸಿದರೆ ಮುಂಗೈ ನೀಲಿಗಟ್ಟುತ್ತಿತ್ತು. ಹಲ್ಲು ತಿಕ್ಕಿದರೆ ಒಸಡಿನಿಂದ ರಕ್ತ. ತಿಂಗಳ ಮುಟ್ಟು ಬಂದರಂತೂ ನಿಲ್ಲುವ ಮಾತೇ ಇಲ್ಲ. ಆ ಮನೆಯಲ್ಲಿ ಮುಟ್ಟಾದವಳು ಹಿತ್ತಿಲ ಕೋಣೆಯಲ್ಲೇ ಇರಬೇಕು. ರಕ್ತ ನಿಲ್ಲಲಿಲ್ಲ, ಇವಳು ಒಳಗೆ ಬರಲಿಲ್ಲ. ವಾರಗಟ್ಟಲೆ ಗೋಡೆ ನೋಡುತ್ತ ಕೂತು ಬಿಳಿಚಿಕೊಂಡಳು.

ಅತ್ತೆಗೆ ಕಾರಣ ಸಿಕ್ಕಿತು. ಹತ್ತು ದಿನದ ದಶಲಕ್ಷಣ ಪರ್ವದಲ್ಲಿ ಇವಳು ಉಪವಾಸ ಹಿಡಿದದ್ದಕ್ಕೆ ಎಲುಬಿನೊಳಗಿನ ಮಜ್ಜೆ ಒಣಗಿಹೋಗಿದೆಯಂತೆ. ನಮ್ಮ ಸೊಸೆ ಎಂಥಾ ಉಪವಾಸ ಮಾಡುತ್ತಾಳೆ ನೋಡಿ ಎಂದು ಬಸದಿಯಲ್ಲಿ ಎಲ್ಲರೆದುರು ಮೆರೆದವರು ಇದೇ ಅತ್ತೆ. ಈಗ ಅದೇ ಉಪವಾಸ ಅವಳ ತಪ್ಪಾಯಿತು.

ಊರಿನಲ್ಲಿ ಸೂಜಿ ಹಾಕುವ ಒಬ್ಬ ವೈದ್ಯನಿದ್ದ. ರಕ್ತ ಹುಟ್ಟುತ್ತಿಲ್ಲ, ಹುಟ್ಟಿಸೋಣ ಎಂದ. ದಿನ ಬಿಟ್ಟು ದಿನ ಪಿರ್ರೆಗೆ ಕಬ್ಬಿಣದ ಸತ್ವದ ಸೂಜಿ. ಚುಚ್ಚಿದಲ್ಲೆಲ್ಲ ಒಳಗೇ ರಕ್ತ ಸೋರಿ, ಅಂಗೈಯಗಲ ಕಪ್ಪುಗಟ್ಟಿ ಬಾವು ಬಂತು. ನಾನು ನೋಡಲು ಹೋದ ದಿನ ಅವಳಿಗೆ ಕೂರಲಾಗುತ್ತಿರಲಿಲ್ಲ, ಬೋರಲು ಮಲಗಿದ್ದಳು. ಸೀರೆ ಸರಿಸಿ ತೋರಿಸಿದಳು. ನನ್ನ ಬಾಯಿಂದ ಏನೇನು ಬಂತೋ, ಅತ್ತೆ ಕಿವಿ ಮುಚ್ಚಿಕೊಂಡು ಒಳಗೆ ಹೋದರು. ಅವತ್ತೇ ತಂಗಿಯನ್ನು ಬಸ್ಸು ಹತ್ತಿಸಿ ಗಡಿಯಾಚೆ ಮಿರಜಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ನಮ್ಮ ಕಡೆ ದೊಡ್ಡ ಬೇನೆ ಬಂದರೆ ಎಲ್ಲರೂ ಹೋಗುವುದು ಅಲ್ಲಿಗೇ.

ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕಣಗಳು ಒಂದೂವರೆ ಲಕ್ಷಕ್ಕಿಂತ ಮೇಲಿರಬೇಕು, ಇವಳಲ್ಲಿ ಕೆಲವೇ ಸಾವಿರ ಉಳಿದಿವೆ ಎಂದರು ಅಲ್ಲಿಯ ಡಾಕ್ಟರು. ಮೊದಲು ಸೂಜಿ ನಿಲ್ಲಿಸಿದರು. ಮಜ್ಜೆಯನ್ನು ಕಣ್ಣಾರೆ ನೋಡಬೇಕು ಎಂದು ಸೊಂಟದ ಎಲುಬಿನಿಂದ ಸ್ವಲ್ಪ ತೆಗೆದು ಪರೀಕ್ಷೆಗೆ ಕಳಿಸಿದರು. ಆ ವರದಿ ಬರುವವರೆಗೆ ನನಗೆ ಒಂದೇ ಯೋಚನೆ. ಮಜ್ಜೆ ನಿಜವಾಗಿಯೂ ಒಣಗಿದ್ದರೆ?

ಒಣಗಿರಲಿಲ್ಲ. ಪ್ಲೇಟ್‌ಲೆಟ್ ತಯಾರಿಸುವ ದೊಡ್ಡ ತಾಯಿಕಣಗಳು ಅಲ್ಲಿ ಬೇಕಾದಷ್ಟಿದ್ದವು, ಸಾಮಾನ್ಯರಿಗಿಂತ ಹೆಚ್ಚೇ ಇದ್ದವು. ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಡಾಕ್ಟರು ಬಿಡಿಸಿ ಹೇಳಿದರು. ರೋಗ ಬಂದಾಗ ಹೊರಗಿನ ಕ್ರಿಮಿಗಳನ್ನು ಹಿಡಿಯಲು ಮೈ ಒಂದು ವಸ್ತು ತಯಾರಿಸುತ್ತದೆ. ಇವಳ ಮೈ ದಿಕ್ಕುತಪ್ಪಿ ತನ್ನದೇ ಪ್ಲೇಟ್‌ಲೆಟ್‌ಗಳ ಮೇಲೆ ಅದನ್ನು ಅಂಟಿಸುತ್ತಿದೆ. ಅಂಟಿದ ಗುರುತು ಕಂಡ ಕಣವನ್ನು ಎಡಪಕ್ಕೆಯ ಕೆಳಗಿನ ಗುಲ್ಮ ಹಿಡಿದು ನುಂಗಿಬಿಡುತ್ತದೆ. ವಾರದ ಮೇಲೆ ಬದುಕಬೇಕಾದ ಕಣ ಕೆಲವೇ ತಾಸಿನಲ್ಲಿ ಮುಗಿಯುತ್ತದೆ. ಮಜ್ಜೆ ಎಷ್ಟು ದುಡಿದರೂ ಸಾಲುವುದಿಲ್ಲ. ಹೊರಗಿನಿಂದ ಪ್ಲೇಟ್‌ಲೆಟ್ ಏರಿಸಿದರೆ ಅವಕ್ಕೂ ಇದೇ ಗತಿ. ಯಾಕೆ ಹೀಗಾಯಿತೆಂದು ಕೇಳಿದೆ. ಬಹಳ ಮಂದಿಯಲ್ಲಿ ಕಾರಣ ತಿಳಿಯುವುದಿಲ್ಲ, ಆದರೆ ಉಪವಾಸದಿಂದಂತೂ ಅಲ್ಲ ಎಂದರು.

ಈ ಸುದ್ದಿ ಕೇಳಿದರೆ ಅವಳ ಮಾವನ ಬಾಯಿ ಮುಚ್ಚುತ್ತದೆ ಎಂದುಕೊಂಡಿದ್ದೆ. ಎಂಥಾ ದಡ್ಡಿ ನಾನು. ಮಜ್ಜೆ ಚೆನ್ನಾಗಿದೆ, ಅವಳ ಮೈಯೇ ಹುಟ್ಟಿದ್ದನ್ನು ಕೆಡಿಸುತ್ತಿದೆ, ಅದಕ್ಕೆ ಔಷಧವಿದೆ ಎಂದು ಅವರ ಪಡಸಾಲೆಯಲ್ಲಿ ಕೂತು ಒಂದೊಂದಾಗಿ ಹೇಳಿದೆ. ಅವರು ಅಡಕಿ ಹೋಳು ಬಾಯಿಗೆ ಹಾಕಿಕೊಂಡು ಕೇಳಿದರು. ಕೊನೆಗೆ ಅಂದರು:

“ಹಂಗಾರ ತನ್ನ ರಕ್ತ ತಾನ ತಿನ್ನಾಕತ್ತಾಳ ಅನ್ರಿ ಬಾಯಾರ. ತನ್ನ ಮೈನ ಬಿಡದಾಕಿ ನಮ್ಮ ಮನಿ ಬಿಡ್ತಾಳನು?”

ಪಕ್ಕದಲ್ಲಿ ಅವಳ ಗಂಡನಿದ್ದ. ಕಾಲ ಬೆರಳು ನೋಡುತ್ತ ಕೂತ. ರಕ್ತ ಹುಟ್ಟದಿದ್ದರೂ ತಪ್ಪು ಅವಳದೇ, ಹುಟ್ಟಿದರೂ ತಪ್ಪು ಅವಳದೇ. ಇಂಥವರಿಗೆ ಯಾವ ವರದಿ ತಂದು ತೋರಿಸಬೇಕು ಹೇಳಿ.

ಡಾಕ್ಟರು ಸ್ಟಿರಾಯ್ಡ್ ಗುಳಿಗೆ ಕೊಟ್ಟರು. ಮೈಯ ಆ ದಾಳಿಯನ್ನು ತಗ್ಗಿಸುವ ಔಷಧ. ತಂಗಿ ಅಥಣಿಯಲ್ಲಿ ನನ್ನ ಹತ್ತಿರವೇ ಇದ್ದಳು. ಪ್ಲೇಟ್‌ಲೆಟ್ ಏರಿದವು, ರಕ್ತ ನಿಂತಿತು. ಆದರೆ ಅವಳ ಮುಖ ಊದಿ ದುಂಡಗಾಯಿತು, ಹೊತ್ತಲ್ಲದ ಹೊತ್ತಿನಲ್ಲಿ ಹಸಿವು. ನಮ್ಮ ಜೈನರ ನೇಮದಂತೆ ಸೂರ್ಯ ಮುಳುಗಿದ ಮೇಲೆ ಉಣ್ಣದ ಹುಡುಗಿ ಹಸಿದು ಅಳುತ್ತ ಮಲಗುತ್ತಿದ್ದಳು. ಗುಳಿಗೆ ಕಡಿಮೆ ಮಾಡಿದೊಡನೆ ಮತ್ತೆ ಚುಕ್ಕಿ, ಮತ್ತೆ ರಕ್ತ. ಮತ್ತೆ ಹೆಚ್ಚು ಮಾಡಿದರು, ಮತ್ತೆ ಏರಿತು, ಇಳಿಸಿದರೆ ಮತ್ತೆ ಬಿತ್ತು. ಒಂದು ಬೆಳಿಗ್ಗೆ ಮೂಗಿನಿಂದ ಸುರಿದ ರಕ್ತ ಮಧ್ಯಾಹ್ನವಾದರೂ ನಿಲ್ಲಲಿಲ್ಲ, ಮತ್ತೆ ಮಿರಜಿಗೆ ಕರೆದೊಯ್ದೆ.

ಗುಲ್ಮವನ್ನೇ ತೆಗೆಯೋಣ ಎಂದರು ಡಾಕ್ಟರು. ನುಂಗುವ ಜಾಗವೇ ಹೋದರೆ ಹೆಚ್ಚಿನವರಲ್ಲಿ ಪ್ಲೇಟ್‌ಲೆಟ್ ಉಳಿಯುತ್ತವೆ, ಖಾತ್ರಿ ಕೊಡಲಾರೆ ಎಂದೂ ಹೇಳಿದರು. ತೆಗೆದ ಮೇಲೆ ಕ್ರಿಮಿ ತಡೆಯುವ ಶಕ್ತಿ ಕುಗ್ಗುತ್ತದೆ, ಯಾವ ಜ್ವರವನ್ನೂ ಅಲಕ್ಷ್ಯ ಮಾಡಬಾರದು. ಆದರೆ ಆಪರೇಷನ್ ತಡಮಾಡಿದರೆ ಮಿದುಳಿನಲ್ಲಿ ರಕ್ತ ಸೋರಬಹುದು, ಆಗ ಜೀವಕ್ಕೇ ಅಪಾಯ.

ಆಪರೇಷನ್‌ಗೆ ಒಪ್ಪಿಗೆಯ ಕಾಗದದ ಮೇಲೆ ಗಂಡನ ಸಹಿ ಬೇಕೆಂದರು ಆಸ್ಪತ್ರೆಯ ಕಚೇರಿಯವರು. ಹೇಳಿಕಳಿಸಿದೆ. ದ್ರಾಕ್ಷಿಗೆ ಔಷಧ ಹೊಡೆಯುವುದಿದೆ, ಬರಲಾಗುವುದಿಲ್ಲ ಎಂದು ಉತ್ತರ ಬಂತು. ಮರುದಿನ ನಮ್ಮ ಅಪ್ಪ ತಾವೇ ಹೋದರು. ಹೊಟ್ಟೆಯೊಳಗಿನದನ್ನು ತೆಗೆಸಿಕೊಂಡ ಹೆಣ್ಣು ತಮಗೆ ಬೇಡ ಎಂದು ಮಾವ ಹೇಳಿದರಂತೆ. ಗಂಡ ಹಿಂದೆಯೇ ನಿಂತಿದ್ದನಂತೆ. ಬಳ್ಳಿಗೆ ರೋಗ ಬಿದ್ದರೆ ಮೂರು ಸಲ ಔಷಧ ಹೊಡೆಯುವ ಮನುಷ್ಯ.

ತಂಗಿ ಕಾಗದ ಕೇಳಿದಳು. ಹತ್ತಿ ತುರುಕಿದ ಮೂಗಿನಲ್ಲಿ ಅವಳ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ.

“ಮೈ ನಂದೈತ್ರಿ. ನಾ ಮಾಡ್ತೀನಿ ಸಹಿ.”

ಗುಮಾಸ್ತ ಡಾಕ್ಟರ ಮುಖ ನೋಡಿದ. ಡಾಕ್ಟರು ತಮ್ಮ ಪೆನ್ನನ್ನೇ ಅವಳಿಗೆ ಕೊಟ್ಟರು.

ಆಪರೇಷನ್ ದಿನ ತಂದಿಟ್ಟ ಪ್ಲೇಟ್‌ಲೆಟ್ ಚೀಲಗಳನ್ನು ಗುಲ್ಮದ ರಕ್ತನಾಳ ಕಟ್ಟುವವರೆಗೂ ಏರಿಸಲಿಲ್ಲ. ಮೊದಲೇ ಏರಿಸಿದ್ದರೆ ಗುಲ್ಮ ಅವನ್ನೂ ನುಂಗುತ್ತಿತ್ತು. ಕೆಲವೇ ದಿನಗಳಲ್ಲಿ ಅವಳವೇ ಪ್ಲೇಟ್‌ಲೆಟ್ ಲಕ್ಷ ದಾಟಿದವು. ವರದಿ ಹಿಡಿದು ನಾನು ವಾರ್ಡಿನ ಹೊರಗೆ ನಿಂತು ಗೊಳೋ ಎಂದು ಅತ್ತುಬಿಟ್ಟೆ.

ಸುದ್ದಿ ಐನಾಪುರಕ್ಕೂ ಹೋಯಿತು. ಹೊಲಿಗೆ ಬಿಚ್ಚಿದ ಮರುದಿನ ಗಂಡ ಬಂದ. ಇಸ್ತ್ರಿ ಮಾಡಿದ ಬಟ್ಟೆ, ತೈಲ ಹಚ್ಚಿದ ತಲೆ. ಹೆಂಡತಿಯ ಕಡೆ ನೋಡುವ ಮೊದಲೇ ಡಾಕ್ಟರನ್ನು ಕೇಳಿದ್ದು, ಇವಳಿಗೆ ಮಕ್ಕಳಾಗಲು ಏನೂ ತೊಂದರೆಯಿಲ್ಲವಲ್ಲ ಎಂದು. ಗುಲ್ಮಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದರು ಅವರು. ಹಾಗಾದರೆ ಇವತ್ತೇ ಕರೆದುಕೊಂಡು ಹೋಗುತ್ತೇನೆ, ಜೀಪು ತಂದಿದ್ದೇನೆ ಎಂದ.

ನಾನು ಸೆರಗು ಸಿಕ್ಕಿಸಿಕೊಂಡು ಎದ್ದೆ. ಇಷ್ಟು ತಿಂಗಳು ಕೂಡಿಟ್ಟ ಮಾತೆಲ್ಲ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ತಂಗಿ ದಿಂಬಿಗೊರಗಿ ಕೂತಳು.

“ನಾ ಸಾಯ್ತೀನೇನೋ ಅನ್ನೂವಾಗ ಸಹಿ ಮಾಡಾಕ ಬರಲಿಲ್ಲ ನೀವು,” ಅಂದಳು. “ಈಗ ಬದುಕೀನಿ. ನಿಮ್ಮ ಕೆಲಸ ಏನೂ ಉಳದಿಲ್ಲ. ಹೋಗ್ರಿ.”

ಅವನು ನನ್ನ ಮುಖ ನೋಡಿದ. ಡಾಕ್ಟರ ಮುಖ ನೋಡಿದ. ನಾನು ಬಾಗಿಲಿಗೆ ಅಡ್ಡವಾಗಿದ್ದ ಊಟದ ಡಬ್ಬಿಯನ್ನು ಎತ್ತಿ, ಅವನಿಗೆ ಹೋಗಲು ದಾರಿ ಬಿಟ್ಟೆ.