ಎರಡು ಗೋಡೆಗಳ ನಡುವಿನ ಬೀರು

ಎಪ್ಪತ್ತರ ದಶಕದಲ್ಲಿ, ರಾಜಾಜಿನಗರದ ನಮ್ಮ ಮನೆಯ ಕೋಣೆಯಲ್ಲಿ ಎರಡು ಗೋಡೆಗಳ ನಡುವೆ ಒಂದು ಜಾಗ ಖಾಲಿಯಿತ್ತು. ಅಲ್ಲಿ ಬಟ್ಟೆಯ ಬೀರು ಮಾಡಿಸಬೇಕೆಂಬುದು ಅಮ್ಮನ ಬಹುದಿನದ ಆಸೆ. ಅಳತೆ ತೆಗೆದುಕೊಂಡು ಹೋದ ಬಡಗಿ ಕಾಗದ ಕಳಿಸಿದರು: ಪ್ಲೈವುಡ್ಡಿಗೆ ನಾನೂರ ಐವತ್ತು, ಎರಡು ಶೀಟು ಮೈಕಾಗೆ ಇನ್ನೂರು, ಕೀಲು, ಹಿಡಿ, ಬೀಗಕ್ಕೆ ಐವತ್ತು, ಕೂಲಿ ನೂರ ಎಂಬತ್ತು.

"ಎಂಟುನೂರ ಎಂಬತ್ತು! ಕೂಲೀಲಿ ಮೂವತ್ತು ಇಳಿಸಕ್ಕೆ ಹೇಳ್ತೀನಿ," ಎಂದರು ಅಪ್ಪ.

ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದ ಅಮ್ಮ ಒಪ್ಪಲಿಲ್ಲ. "ಕೂಲಿ ಮುಟ್ಬೇಡಿ, ರೀ. ನನ್ನ ಹೊಲಿಗೆ ಕೂಲಿ ಯಾರಾದ್ರೂ ಕಡಿಮೆ ಮಾಡಿದ್ರೆ ನಿಮಗೆ ಹೇಗಿರತ್ತೆ?" ಎಂದು ಕಾಗದವನ್ನು ಮತ್ತೆ ಓದಿದರು.

ಭಾನುವಾರ ಬಡಗಿ ಬಂದಾಗ ಅಮ್ಮನೇ ಕೇಳಿದರು. "ಆಚಾರ್ರೇ, ಪಕ್ಕದ ಹಲಗೆಗಳು ಗೋಡೆಗೆ ಒತ್ತಿಕೊಂಡಿರ್ತಾವೆ. ಅವಕ್ಕೆ ಮೈಕಾ ಯಾಕೆ? ಬಾಗಿಲಿಗೆ ಒಂದು ಶೀಟು ಸಾಲದಾ?"

ಬಡಗಿ ಒಂದು ಕ್ಷಣ ಗೋಡೆ ನೋಡಿ ನಕ್ಕರು. "ಸಾಕಮ್ಮಾ, ಎಲ್ಲರ ಬೀರುಗೂ ಹಾಕೋ ಹಾಗೆ ಬರೆದುಬಿಟ್ಟೆ. ಅಂಟಿಸೋ ಕೆಲಸಾನೂ ಕಮ್ಮಿ ಆಯ್ತಲ್ಲ, ಕೂಲೀಲಿ ಹದಿನೈದು ಬಿಡ್ತೀನಿ."

ಕೇಳದೆಯೇ ಕೂಲಿ ಇಳಿಯಿತು. ಅಪ್ಪ ಅಮ್ಮನನ್ನೇ ನೋಡುತ್ತಾ ಕುಳಿತಿದ್ದರು. ಅವರ ಮುಖದ ಹೆಮ್ಮೆ ನನಗಿನ್ನೂ ನೆನಪಿದೆ.