ಗೇಟಿನ ಮೇಲೆ ಒಂದು ಗೀರೂ ಇರಲಿಲ್ಲ

ಮಾಲೂರು ಸ್ಟೇಷನ್ನಿನಿಂದ ಎರಡು ಮೈಲಿ ಆಚೆ, ಲಕ್ಕೂರಿನ ಕಡೆಗೆ ಹೋಗುವ ಗಾಡಿದಾರಿ ಕಂಬಿಯನ್ನು ದಾಟುವಲ್ಲಿ ನಮ್ಮ ಗೇಟು. ಪಕ್ಕದಲ್ಲೇ ಒಂದೇ ಕೋಣೆಯ ರೈಲ್ವೆ ಮನೆ. ನನ್ನ ಗಂಡ ಅಲ್ಲಿ ಗೇಟಿನವರು. ಅವರಿಗೆ ಓದು ಬರಹ ಬಾರದು. ನಮ್ಮಪ್ಪ ಹಳ್ಳಿ ಮೇಷ್ಟರಾಗಿದ್ದರಿಂದ ನನಗೆ ಅಕ್ಷರ ಬರುತ್ತಿತ್ತು. ಸ್ಟೇಷನ್ನಿಗೆ ಏನು ಬರೆದುಕೊಡಬೇಕಾದರೂ ಅವರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ, ಅವರು ಹೆಬ್ಬೆಟ್ಟು ಒತ್ತುತ್ತಿದ್ದರು.

ಯುದ್ಧದ ಕಾಲ. ಹೆಚ್ಚು ಬೆಳೆಯಿರಿ ಎಂದು ಸರ್ಕಾರದವರು ಒಂದು ಟ್ರ್ಯಾಕ್ಟರನ್ನು ನಮ್ಮ ಕಡೆಗೆ ಕಳಿಸಿದ್ದರು. ಹಿಂದಿನ ಎರಡು ದೊಡ್ಡ ಚಕ್ರಗಳು ಪೂರಾ ಕಬ್ಬಿಣ, ಅದರ ಸುತ್ತ ಗೇಣುದ್ದದ ಹಲ್ಲುಗಳು. ಅದು ಹೋದ ದಾರಿಯೆಲ್ಲ ಗುಳಿ ಬೀಳುತ್ತಿತ್ತು. ಜನ ಕೆಲಸ ಬಿಟ್ಟು ನೋಡಲು ಬರುತ್ತಿದ್ದರು.

ಆ ದಿನ ಮಧ್ಯಾಹ್ನ ಪ್ಯಾಸೆಂಜರು ಹೋಗಿ ಅರ್ಧ ಗಂಟೆಯಾಗಿತ್ತು. ನಾನು ಅಂಗಳದಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಟ್ರ್ಯಾಕ್ಟರು ಬಂದು ಗೇಟಿನ ಮುಂದೆ ನಿಂತಿತು. ನಮ್ಮವರು ಎರಡೂ ಕಡೆ ನೋಡಿದರು. ಸ್ಟೇಷನ್ನಿನ ಕಡೆ ದೂರದಲ್ಲಿ ಕಾಣುವ ಸಿಗ್ನಲ್ಲು ಕೈಮರದ ತೋಳು ಅಡ್ಡಕ್ಕೇ ಇತ್ತು. ಬೆಂಗಳೂರಿನ ಕಡೆಯಿಂದ ರೈಲು ಬರುವ ಮೊದಲು ಆ ತೋಳು ಕೆಳಗಿಳಿಯುತ್ತದೆ. ಗೇಟಿಗೆ ಫೋನಿಲ್ಲ, ಗಂಟೆಯಿಲ್ಲ. ಹೊತ್ತು ನೋಡಿಕೊಂಡು, ಆ ತೋಳು ನೋಡಿಕೊಂಡು ಗೇಟು ತೆಗೆಯುವುದೇ ಅವರಿಗೆ ರೂಢಿ. ಯುದ್ಧದ ಸ್ಪೆಷಲ್ ರೈಲುಗಳಿಗೆ ಗೊತ್ತಾದ ಹೊತ್ತಿಲ್ಲ ಎಂಬುದು ಮಾತ್ರ ಆ ರೂಢಿಗೆ ಗೊತ್ತಿರಲಿಲ್ಲ. ಅವರು ಸರಪಳಿ ಬಿಚ್ಚಿ ಗೇಟು ತೆಗೆದರು.

ದಾರಿ ದಾಟುವಲ್ಲಿ ಕಂಬಿಯ ಒಳಮಗ್ಗುಲಿಗೆ ಇನ್ನೊಂದು ಕಂಬಿ ಇರುತ್ತದೆ; ಎರಡರ ನಡುವಿನ ಸಂದಿಯಲ್ಲಿ ರೈಲಿನ ಚಕ್ರದ ಅಂಚು ಓಡಬೇಕು. ಅಲ್ಲಿ ಕಲ್ಲು ಮಣ್ಣು ನಿಲ್ಲದಂತೆ ಅವರು ದಿನಕ್ಕೆರಡು ಸಲ ಕೆರೆದು ತೆಗೆಯುತ್ತಿದ್ದರು. ಟ್ರ್ಯಾಕ್ಟರಿನ ಒಂದು ಹಲ್ಲು ಸರಿಯಾಗಿ ಆ ಸಂದಿಗೇ ಇಳಿದು ಕಚ್ಚಿಕೊಂಡಿತು. ಇಂಜಿನ್ನು ಒಮ್ಮೆ ಕೂಗಿ ನಿಂತುಹೋಯಿತು.

ಎತ್ತಿನ ಗಾಡಿ ಸಿಕ್ಕಿಕೊಂಡಾಗ ಏನು ಮಾಡುತ್ತಿದ್ದರೋ ಅದನ್ನೇ ಅವರು ಮಾಡಿದರು. ಹಾರೆ ತಂದು ಚಕ್ರಕ್ಕೆ ಕೊಟ್ಟು, ಹೆಗಲು ಕೊಟ್ಟು ನೂಕಿದರು. ಡ್ರೈವರು, "ಇನ್ನೊಂದ್ ಕಿತ ಅಣ್ಣಾ, ಬಂತು, ಬಂತು!" ಅನ್ನುತ್ತಿದ್ದ. ಬರಲಿಲ್ಲ. ನಾನು ತಲೆಯೆತ್ತಿ ನೋಡಿದೆ. ಕೈಮರದ ತೋಳು ಇಳಿದಿತ್ತು.

"ರೀ! ತೋಳು!"

ಅವರು ಹಾರೆ ಬಿಸಾಕಿ ಒಳಗೆ ನುಗ್ಗಿ ಕೆಂಪು ಬಾವುಟ, ಪಟಾಕಿ ಡಬ್ಬಿ ಎಳೆದುಕೊಂಡು ಬೆಂಗಳೂರಿನ ಕಡೆಗೆ ಕಂಬಿಯ ಮೇಲೆ ಓಡಿದರು. ಪಟಾಕಿಯೆಂದರೆ ಕಂಬಿಗೆ ಕಟ್ಟುವ ತಗಡಿನ ಬಿಲ್ಲೆ. ಇಂಜಿನ್ನು ಹತ್ತಿದರೆ ಢಂ ಎನ್ನುತ್ತದೆ, ರೈಲಿನ ಡ್ರೈವರು ನಿಲ್ಲಿಸಬೇಕು. ಮೊದಲು ಒಂದು, ಇನ್ನೂ ಅಷ್ಟು ದೂರ ಓಡಿ ಮೂರು ಕಟ್ಟಬೇಕೆಂದು ಕಾನೂನು. ತಿರುವಿನಲ್ಲಿ ಹೊಗೆ ಕಂಡಿತು. ಒಂದು ಢಂ ಕೇಳಿಸಿತು. ಎರಡನೆಯದಕ್ಕೆ ಕಾದೆ, ಬರಲಿಲ್ಲ. ಬ್ರೇಕಿನ ಕಿರ್ರನೆ ಸದ್ದು ಹತ್ತಿರ ಹತ್ತಿರ ಬಂತು. ಟ್ರ್ಯಾಕ್ಟರಿನವನು ಹಾರಿ ಹಳ್ಳಕ್ಕೆ ಬಿದ್ದ. ನಿಲ್ಲಲು ಇನ್ನು ಹತ್ತು ಮಾರು ಇರುವಾಗ ಇಂಜಿನ್ನು ಟ್ರ್ಯಾಕ್ಟರಿನ ಹಿಂಭಾಗಕ್ಕೆ ಗುದ್ದಿ, ಅದನ್ನು ಮಗ್ಗುಲಿಗೆ ಕೆಡವಿ, ಆಮೇಲೆ ನಿಂತಿತು.

ಯಾರೂ ಸಾಯಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಮೂರು ಗಂಟೆಗೆ ಸ್ಟೇಷನ್ನಿನಿಂದ ಆಳು ಬಂದ. ನಾಳೆ ಬೆಳಿಗ್ಗೆ ಇನ್‌ಸ್ಪೆಕ್ಟರು ಟ್ರಾಲಿಯಲ್ಲಿ ಬರುತ್ತಾರೆ, ಅಷ್ಟರೊಳಗೆ ರಿಪೋರ್ಟು ಬರೆದಿರಬೇಕು ಎಂದ. ಗೇಟು ತೆರೆದಿತ್ತೇ ಮುಚ್ಚಿತ್ತೇ, ಕೈಮರ ಹೇಗಿತ್ತು, ಬಾವುಟ ಯಾವಾಗ ತೋರಿಸಿದ್ದು, ಪಟಾಕಿ ಎಷ್ಟು ಇಟ್ಟಿದ್ದು. ಇಷ್ಟಕ್ಕೆ ಜವಾಬು ಬೇಕು. ತಪ್ಪಾದರೆ ಕೆಲಸ ಹೋಗುತ್ತದೆ. ಕೆಲಸದ ಜೊತೆಗೆ ಮನೆಯೂ.

ನಮ್ಮವರು ಗೋಡೆಗೊರಗಿ ಕೂತಿದ್ದರು. ಕಂಬಿ ಕೆಲಸದ ಗ್ಯಾಂಗಿನ ಮೇಸ್ತ್ರಿ ಬಂದು ಬಾಗಿಲಲ್ಲಿ ಕುಕ್ಕರಿಸಿದ. ಒಳ್ಳೆಯವನು, ನಮ್ಮ ಮನೆಯ ಅಂಬಲಿ ಉಂಡವನು.

"ಏಮಮ್ಮಾ, ಬರ್ಕೋ. ಗೇಟು ಮುಚ್ಚಿತ್ತು. ಟ್ಯಾಕ್ಟ್ರು ಹೊಡ್ಕೊಂಡು ಒಳಕ್ ನುಗ್ತು. ಪಟಾಕಿ ನಾಲ್ಕೂ ಕಟ್ಟಿದ್ವಿ. ಆಯ್ತಲ್ಲ?"

"ಅವ್ರು ಹಂಗಂದಿಲ್ವಲ್ಲ ಮೇಸ್ತ್ರಣ್ಣಾ."

"ಅವ್ನೇನಂತಾನೆ, ಪೆದ್ದ! ಲೇ, ಬಾಯಿದ್ರೆ ಮಾತಾಡ್ಲಾ!"

ನಮ್ಮವರು, "ಏನಾರ ಬರಿ," ಎಂದಷ್ಟೇ ಅಂದರು.

ನಾನು ಬರೆದೆ. ಈಗ ಒಪ್ಪಿಕೊಳ್ಳುತ್ತೇನೆ, ಬರೆದೆ. ಗೇಟು ಮುಚ್ಚಿತ್ತು, ಪಟಾಕಿ ನಾಲ್ಕು. ಅಕ್ಷರ ದುಂಡಗೆ ಬಿದ್ದವು. ಮೇಸ್ತ್ರಿ ನೆಮ್ಮದಿಯಾಗಿ ಎಲೆಅಡಿಕೆ ಹಾಕಿಕೊಂಡು ಹೋದ.

ಸಂಜೆ ರೈಲಿನ ಹೊತ್ತಾಯಿತು. ಗುದ್ದಿದ ಮೇಲೆ ಗೇಟು ಮುಚ್ಚಿಯೇ ಇತ್ತು, ಆದರೂ ಅವರಿಗೆ ಏಳಲು ಕೈಲಾಗದೆ ಸರಪಳಿ ನೋಡಿಬರಲು ನಾನೇ ಹೋದೆ. ಹಿಡಿದು ಜಗ್ಗಿದೆ, ಗಟ್ಟಿಯಾಗಿತ್ತು. ಆಗ ಕಣ್ಣಿಗೆ ಬಿತ್ತು. ಸರಪಳಿಯ ಒಂದು ಕೊಂಡಿಯೂ ಬಾಗಿಲ್ಲ. ಹಬ್ಬಕ್ಕೆ ಬಳಿದ ಸುಣ್ಣ ಹಾಗೇ ಬೆಳ್ಳಗಿದೆ, ಗೇಟಿನ ಮೇಲೆ ಒಂದು ಗೀರೂ ಇಲ್ಲ. ಕೆಳಗೆ ಮಣ್ಣಿನಲ್ಲಿ ಟ್ರ್ಯಾಕ್ಟರಿನ ಹಲ್ಲಿನ ಗುಳಿಗಳು: ಗೇಟಿನ ಮುಂದೆ ನಿಂತಲ್ಲಿ ಆಳವಾಗಿ, ಆಮೇಲೆ ಮೆಲ್ಲಗೆ ಒಂದೇ ಅಳತೆಯಲ್ಲಿ ಒಳಕ್ಕೆ. ನುಗ್ಗಿದ ಗುರುತಲ್ಲ, ಕರೆದಾಗ ಬಂದ ಗುರುತು.

ಒಳಗೆ ಬಂದು ಡಬ್ಬಿ ತೆಗೆದೆ. ಹತ್ತು ಪಟಾಕಿ ಪಡೆದದ್ದಕ್ಕೆ ಸ್ಟೇಷನ್ನಿನ ಲೆಕ್ಕದಲ್ಲಿ ಅವರ ಹೆಬ್ಬೆಟ್ಟಿತ್ತು. ಎಣಿಸಿದೆ. ಒಂಬತ್ತು.

"ರೀ, ಒಂದೇ ಅಲ್ವಾ ಕಟ್ಟಿದ್ದು?"

"ಒಂದು ಕಟ್ಟೋಷ್ಟ್ರಲ್ಲಿ ಮೇಲೆ ಬಂದ್ಬಿಡ್ತು ಕಣೇ. ಆಮೇಲೆ ಬಾವುಟ ಬೀಸ್ಕೊಂಡು ಕಂಬಿ ಮಧ್ಯನೇ ನಿಂತ್ಕಂಡೆ, ಹತ್ರ ಬಂದ್ಮೇಲೆ ಪಕ್ಕಕ್ ನೆಗೆದೆ."

"ಎಷ್ಟೊತ್ತು ನೂಕ್ತಾ ಇದ್ರಿ?"

"ಐದ್ ನಿಮಿಷ ಇರ್ಬೇಕು. ಮೊದ್ಲೇ ಓಡ್ಬೇಕಾಗಿತ್ತು. ನೂಕ್ಬಾರ್ದಾಗಿತ್ತು."

ಅದನ್ನೂ ಬರೆಯಬೇಕೇ? ಅದು ಯಾರಿಗೂ ಕಾಣದ ಮಾತು, ಗೇಟಿನಲ್ಲೂ ಇಲ್ಲ, ಡಬ್ಬಿಯಲ್ಲೂ ಇಲ್ಲ. ಮೊದಲ ಕಾಗದವನ್ನು ಒಲೆಗೆ ಹಾಕಿ ಇನ್ನೊಂದು ತೆಗೆದುಕೊಂಡು ಅವರ ಮಾತಿನಲ್ಲೇ ಬರೆದೆ: ಗೇಟು ನಾನೇ ತೆಗೆದೆ. ಆಗ ತೋಳು ಅಡ್ಡಕ್ಕಿತ್ತು. ಐದು ನಿಮಿಷ ಗಾಡಿ ನೂಕಿದೆ. ತೋಳು ಇಳಿದದ್ದು ಕಂಡು ಓಡಿದೆ. ಪಟಾಕಿ ಒಂದು. ಅವರ ಹೆಬ್ಬೆರಳು ಹಿಡಿದು ಒತ್ತಿಸಿದೆ.

ಬೆಳಿಗ್ಗೆ ಮೇಸ್ತ್ರಿ ಹಾರೆ ಹೆಗಲಿಗಿಟ್ಟುಕೊಂಡು ಬಂದ. "ಒಂದ್ ಪಟ್ಟಿ ಮುರ್ದು ಸರಪಳಿ ಬಗ್ಗಿಸ್ಬಿಡ್ತೀನಿ. ನೋಡೋರ್ಗೆ ನಂಬ್ಕೆ ಬರ್ಬೇಕಲ್ಲ."

ನಾನು ಗೇಟಿಗೆ ಬೆನ್ನು ಕೊಟ್ಟು ನಿಂತೆ. "ಮುಟ್ಬೇಡಿ ಅಣ್ಣಾ. ಬೇರೆ ಬರ್ದಾಗಿದೆ."

"ನಿನ್ ಗಂಡನ್ ಕೆಲ್ಸ ನೀನೇ ತಿಂದ್ಯಲ್ಲಮ್ಮಾ!" ಎಂದು ಹಾರೆಯನ್ನು ನೆಲಕ್ಕೆ ಕುಕ್ಕಿದ. ಅಷ್ಟರಲ್ಲಿ ಟ್ರಾಲಿಯ ಸದ್ದು ಕೇಳಿಸಿತು.

ಇನ್‌ಸ್ಪೆಕ್ಟರು ಇಳಿದು ಮೊದಲು ಗೇಟು ನೋಡಿದರು, ಸರಪಳಿ ಕೈಗೆ ತೆಗೆದುಕೊಂಡರು. ಡಬ್ಬಿ ಕೇಳಿ ಎಣಿಸಿದರು. ಕಂಬಿಯ ಮೇಲೆ ನಡೆದು ಹೋಗಿ ಸಿಡಿದ ತಗಡಿನ ಚೂರೊಂದನ್ನು ಹೆಕ್ಕಿ ತಂದರು. ಆಮೇಲೆ ನನ್ನ ಕಾಗದವನ್ನು ಜೊತೆಗಿದ್ದ ಗುಮಾಸ್ತರಿಂದ ಓದಿಸಿ ಕೇಳಿದರು. ಐದು ನಿಮಿಷದ ಮಾತು ಬಂದಾಗ, "ನಿಲ್ಲಿಸು, ಮತ್ತೆ ಓದು," ಎಂದರು.

"ರೈಲಿನ ಡ್ರೈವರೂ ಒಂದೇ ಸದ್ದು ಕೇಳಿದೆ ಅಂತ ಬರೆದಿದ್ದಾನೆ," ಎಂದರು ಕೊನೆಗೆ. ನಮ್ಮವರ ಕಡೆ ತಿರುಗಿ, "ಏನಯ್ಯಾ, ನೂಕೋ ಕೆಲಸ ನಿಂದಾ?"

"ಅಲ್ಲ ಸ್ವಾಮಿ."

"ಹಾಗಾದ್ರೆ ಸ್ವಲ್ಪ ದಿನ ಗ್ಯಾಂಗಿನಲ್ಲಿ ನೂಕು."

ಅಷ್ಟೇ. ಮುಂಗಾರು ಮುಗಿಯುವವರೆಗೆ ಅವರು ಅದೇ ಮೇಸ್ತ್ರಿಯ ಕೈಕೆಳಗೆ ಜಲ್ಲಿ ಹೊತ್ತರು. ಗೇಟಿಗೆ ಬೇರೆಯವರು ಬಂದರು, ಪುಣ್ಯಕ್ಕೆ ಸಂಸಾರವಿಲ್ಲದ ಒಂಟಿ ಆಳು. ಹಾಗಾಗಿ ಮನೆ ನಮಗೇ ಉಳಿಯಿತು. ಮೇಸ್ತ್ರಿ ಎರಡು ವಾರ ನನ್ನೊಡನೆ ಮಾತು ಬಿಟ್ಟಿದ್ದ, ಆಮೇಲೆ ಅಂಬಲಿಗೆ ಬಂದ.

ಗೇಟಿಗೆ ಮರಳಿದ ಮೇಲೆ ನಮ್ಮವರು ಯಾರ ಗಾಡಿ ಸಿಕ್ಕಿಕೊಂಡರೂ ಮೊದಲು ಬಾವುಟ ಹಿಡಿದು ಓಡುತ್ತಿದ್ದರು. ಗಾಡಿಯವರು ನಗುತ್ತಿದ್ದರು, ಬೈಯುತ್ತಿದ್ದರು: "ಹೆಗಲು ಕೊಡೋ ಅಂದ್ರೆ ಓಡೋಗ್ತಾನಲ್ಲಪ್ಪಾ!" ಆಗ ಹಾರೆ ತೆಗೆದುಕೊಂಡು ಚಕ್ರದ ಹತ್ತಿರ ಹೋಗುತ್ತಿದ್ದವಳು ನಾನು.