ರ‍್ಯಾಂಪಿನ ಮೇಲೆ ನೂರಾಹತ್ತು ಕುದುರೆಗಳು

ಆ ಬೇಸಿಗೆಯಲ್ಲಿ ನಮ್ಮ ಮನೆಯ ಊಟದ ಟೇಬಲ್ಲಿನ ಮೇಲೆ ಉಪ್ಪಿನಕಾಯಿ ಭರಣಿಗೆ ಫೋನು ಒರಗಿಸಿಟ್ಟಿರುತ್ತಿತ್ತು. ಅದರೊಳಗೆ ಕಾರುಗಳ ರಿವ್ಯೂ ಮಾಡುವ ಯಾರೋ ಒಬ್ಬ ಬಾನೆಟ್ಟು ತಟ್ಟುತ್ತ ಒದರುತ್ತಿದ್ದ. ನನ್ನ ಗಂಡ ರೊಟ್ಟಿ ಮುರಿಯುವುದನ್ನೂ ಮರೆತು ಕೇಳುತ್ತಿದ್ದರು. ಪಲ್ಯ ಆರಿಹೋಗುತ್ತಿತ್ತು, ನನ್ನ ತಲೆ ಚಿಟ್ಟು ಹಿಡಿಯುತ್ತಿತ್ತು.

ಕಾರು ಬೇಕಾಗಿದ್ದದ್ದು ನನಗೆ. ಬ್ಯಾಂಕಿನವರು ನನ್ನನ್ನು ಊರಾಚೆಯ ಶಾಖೆಗೆ ಹಾಕಿದ್ದರು. ನಾಗಪುರದ ಮೇ ತಿಂಗಳಿನಲ್ಲಿ ಸ್ಕೂಟರ್ ಮೇಲೆ ಅಷ್ಟು ದೂರ ಹೋಗಿ ಬಂದರೆ ಮನುಷ್ಯರು ಹಪ್ಪಳವಾಗುತ್ತಾರೆ. ಗಂಡ ಆರ್ಡನೆನ್ಸ್ ಫ್ಯಾಕ್ಟರಿಯವರು, ನಸುಕಿನ ಪಾಳಿ, ಫ್ಯಾಕ್ಟರಿ ಬಸ್ಸು. ನಾನು ಎದ್ದು ಚಹಾ ಸೋಸುವಷ್ಟರಲ್ಲಿ ಅವರು ಮನೆ ಬಿಟ್ಟಿರುತ್ತಾರೆ.

ಒಂದೇ ಒಂದು ತೊಡಕೆಂದರೆ ರ‍್ಯಾಂಪು. ಮನೀಶ್ ನಗರದ ನಮ್ಮ ಅಪಾರ್ಟ್‌ಮೆಂಟಿನ ಕಾರುಗಳೆಲ್ಲ ನೆಲಮಾಳಿಗೆಯಲ್ಲಿ ನಿಲ್ಲುತ್ತವೆ. ಅಲ್ಲಿಂದ ಮೇಲೆ ಬರುವ ಇಳಿಜಾರು ಕಟ್ಟಿದವನಿಗೆ ದೇವರೇ ಬುದ್ಧಿ ಕೊಡಬೇಕು, ಅಷ್ಟು ಕಡಿದು. ತುದಿಯಲ್ಲಿ ರಸ್ತೆ ನೋಡಲು ನಿಲ್ಲಲೇಬೇಕು, ನಿಂತಮೇಲೆ ಅದೇ ಏರಿನಲ್ಲಿ ಮತ್ತೆ ಎಬ್ಬಿಸಬೇಕು. ಡ್ರೈವಿಂಗ್ ಕ್ಲಾಸಿನವರ ಕಾರು ಅಲ್ಲಿ ನನ್ನ ಕೈಯಲ್ಲಿ ಹಿಂದೆ ಜಾರಿ, ಹಿಂದಿನ ಸ್ಕೂಟರಿನವನು ಕಿರುಚಿದ್ದು ಇಡೀ ಸೊಸೈಟಿಗೆ ಕೇಳಿತ್ತು.

"ರ‍್ಯಾಂಪ್ ನಾ ಹತ್ತಿಸಿ ಕೊಡ್ತೀನಿ, ರೋಡಿನ ಮ್ಯಾಲ ನೀ ತಗೊ," ಎಂದು ಗಂಡ ಉದಾರವಾಗಿ ಹೇಳಿದರು.

"ಯಾವಾಗ ಹತ್ತಸ್ತೀರಿ? ಫ್ಯಾಕ್ಟರಿಯಿಂದ ಬಂದಮ್ಯಾಲೆ? ಅಷ್ಟೊತ್ತಿಗೆ ನಮ್ಮ ಬ್ಯಾಂಕ್ ಬಂದಾಗಿರತೈತಿ."

ಅವರು ಫೋನಿನ ಸದ್ದು ಜಾಸ್ತಿ ಮಾಡಿಕೊಂಡರು. ನಾನೇ ಹತ್ತಿಸಲಾಗದಿದ್ದರೆ ಅದು ನನ್ನ ಕಾರಲ್ಲ, ಭಾನುವಾರ ಅವರು ಓಡಿಸುವ ಕಾರು. ಇಷ್ಟು ಸರಳ ಮಾತು ಆ ಮನುಷ್ಯನ ತಲೆಗೆ ಹೋಗಲಿಲ್ಲ.

ಅವರು ಆರಿಸಿದ್ದು ಸಣ್ಣ ಎಂಜಿನ್ನಿನ ಟರ್ಬೊ ಗಾಡಿ, ನೂರಾಹತ್ತು ಹಾರ್ಸ್‌ಪವರ್. ನಾವು ನೋಡಿದ ಇನ್ನೊಂದು ಗಾಡಿಗೆ ಟರ್ಬೊ ಇಲ್ಲ, ಎಂಜಿನ್ನು ತುಸು ದೊಡ್ಡದು, ಹಾರ್ಸ್‌ಪವರ್ ಎಂಬತ್ತಮೂರೇ.

"ಮಾರ್ಕ್ಸ್ ಇದ್ದಂಗ ನೋಡ ಇದು," ಎಂದರು. "ಜಾಸ್ತಿ ಇದ್ದದ್ದು ಪಾಸ್."

"ಎಷ್ಟು ಆರ್‌ಪಿಎಂಗೆ ಅಂದ ಅವಾ?"

"ಅದೆಲ್ಲಾ ಟೆಕ್ನಿಕಲ್, ಬಿಡ."

ಬಿಡಲಿಲ್ಲ. ಸಿಟ್ಟಿನಿಂದಲೇ ಓದಲು ಕೂತೆ. ನಮ್ಮತ್ತೆ ಧಾರವಾಡದಿಂದ ಹೊತ್ತು ತಂದ ಬೀಸುಕಲ್ಲು ಬಾಲ್ಕನಿಯಲ್ಲಿತ್ತು, ಅದೇ ನನಗೆ ಉಪಯೋಗಕ್ಕೆ ಬಂತು. ಕಾಳು ತುಂಬಿದ ಕಲ್ಲನ್ನು ಗೂಟ ಹಿಡಿದು ತಿರುಗಿಸುವ ಕೈಯ ಒತ್ತು ಇದೆಯಲ್ಲ, ಅದು ಟಾರ್ಕ್. ಆ ಒತ್ತಿನಲ್ಲಿ ಎಷ್ಟು ವೇಗವಾಗಿ ತಿರುಗಿಸುತ್ತೀರಿ ಅನ್ನುವುದನ್ನೂ ಸೇರಿಸಿ ಲೆಕ್ಕ ಹಿಡಿದರೆ ಹಾರ್ಸ್‌ಪವರ್. ಒತ್ತು ಅಷ್ಟೇ ಇದ್ದು ಕಲ್ಲು ಎರಡರಷ್ಟು ವೇಗದಲ್ಲಿ ತಿರುಗಿದರೆ ಹಿಟ್ಟೂ ಎರಡರಷ್ಟು. ಆ ನೂರಾಹತ್ತು ಕುದುರೆಗಳು ಹೊರಗೆ ಬರುವುದು ಎಂಜಿನ್ನು ನಿಮಿಷಕ್ಕೆ ಐದೂವರೆ ಸಾವಿರ ಸುತ್ತು ತಿರುಗಿದಾಗ, ಆರ್‌ಪಿಎಂ ಅಂದರೆ ಈ ಸುತ್ತೇ. ವರ್ಧಾ ರೋಡಿನ ಸಿಗ್ನಲ್ಲುಗಳ ನಡುವೆ ನಾನು ಅಷ್ಟು ಎಲ್ಲಿ ತಿರುಗಿಸಲಿ, ಯಾರ ಮೈಮೇಲೆ ಹತ್ತಿಸಲಿ?

ಹಾಗಾದರೆ ನೋಡಬೇಕಾದದ್ದು ಟಾರ್ಕ್ ಎಂದು ಗೆದ್ದವಳಂತೆ ಹೇಳಿದೆ. ಗಂಡ ಅದನ್ನೂ ಹುಡುಕಿ ನನ್ನ ಮೂಗಿಗೆ ಹಿಡಿದರು. ಟರ್ಬೊಗೆ ನೂರಾ ಎಪ್ಪತ್ತು ನ್ಯೂಟನ್ ಮೀಟರ್, ಅದೂ ಹದಿನೆಂಟು ನೂರು ಸುತ್ತಿಗೇ. ಇನ್ನೊಂದಕ್ಕೆ ನೂರಾ ಹದಿನಾಲ್ಕು, ನಾಲ್ಕು ಸಾವಿರ ಸುತ್ತಿಗೆ.

"ಈಗ ಏನಂತೀ?" ಎಂದರು. ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಟೆಸ್ಟ್ ಡ್ರೈವಿಗೆ ಶೋರೂಮಿನವನು ನಮ್ಮನ್ನು ಸಿವಿಲ್ ಲೈನ್ಸಿನ ಅಗಲವಾದ ಖಾಲಿ ರಸ್ತೆಗೆ ಕರೆದೊಯ್ದ. ಅಲ್ಲಿ ಎಮ್ಮೆ ಕೂಡ ಪಿಕಪ್ ತೋರಿಸುತ್ತದೆ. "ಮ್ಯಾಡಮ್, ಪಿಕಪ್ ದೇಖಿಯೇ," ಗಾಡಿಯ ಚುರುಕು ನೋಡಿ ಎಂದು ಅವನು ಹೇಳಿದ್ದೇ ಹೇಳಿದ. ನಿಜ ಹೇಳಬೇಕು, ಟರ್ಬೊ ಓಡಿತು. ಬೆನ್ನು ಸೀಟಿಗೆ ಅಂಟಿತು, ಹಿಂದೆ ಕೂತ ಗಂಡ ನಕ್ಕರು.

"ನಮ್ಮ ಬಿಲ್ಡಿಂಗಿಗೆ ಹೋಗೋಣ," ಎಂದೆ ಹಿಂದಿಯಲ್ಲಿ. ರೂಟ್ ಫಿಕ್ಸ್ ಇದೆ ಎಂದ. ನಾನು ಕೊಳ್ಳುವುದು ರಸ್ತೆಯನ್ನಲ್ಲ ಎಂದೆ. ಸಾಹೇಬರನ್ನು ಕೇಳಬೇಕು ಎಂದ. ಕೇಳಪ್ಪಾ ಎಂದೆ. ಹೀಗೆ ಎಳೆದಾಡಿ ಭಾನುವಾರ ಎರಡೂ ಗಾಡಿಗಳು ನಮ್ಮ ನೆಲಮಾಳಿಗೆಗೆ ಬಂದವು.

ಮೊದಲು ಟರ್ಬೊ. ಭಾರ ಪೂರ್ತಿ ಇರಲಿ ಎಂದು ಎಸಿ ಹಾಕಿದೆ, ಅತ್ತೆಯನ್ನೂ ಮಗಳನ್ನೂ ಗಂಡನನ್ನೂ ಶೋರೂಮಿನವನನ್ನೂ ತುಂಬಿಕೊಂಡೆ. ಏರಿನ ತುದಿಯಲ್ಲಿ ನಿಂತೆ. ಆಟೋ ಹೋಗಲಿ ಎಂದು ಕಾದು, ಹ್ಯಾಂಡ್‌ಬ್ರೇಕ್ ಇಳಿಸುತ್ತ ಮೆಲ್ಲಗೆ ಕ್ಲಚ್ ಬಿಟ್ಟೆ. ಗಾಡಿ ನಡುಗಿ ಆಫ್ ಆಯಿತು, ಒಂದು ಮೊಳ ಹಿಂದೆ ಜಾರಿತು. ಅತ್ತೆ, "ಯವ್ವಾ, ನಾ ಇಳೀತೀನಿ," ಎಂದರು.

"ಕುಣೀಲಾರದಾಕಿ ನೆಲ ಡೊಂಕ ಅಂದ್ಲಂತ," ಎಂದರು ಗಂಡ.

"ನೆಲ ಡೊಂಕ ಐತಲ್ರಿ, ಅದಕ್ಕ ರ‍್ಯಾಂಪ್ ಅಂತಾರ."

ಎರಡನೆಯ ಸಲವೂ ಅದೇ ಹಣೆಬರಹ.

"ರೇಸ್ ಕೊಡ, ರೇಸ್ ಕೊಡ," ಎಂದು ಗಂಡ ಒದರಿದರು.

ಕೊಟ್ಟೆ. ಎಂಜಿನ್ನು ಮೊದಲು ಗೊರಗೊರ ಅಂದಿತು, ಆಮೇಲೆ ಇದ್ದಕ್ಕಿದ್ದಂತೆ ಬಲ ಬಂದು ಗೇಟಿನ ಕಡೆ ನೆಗೆಯಿತು. ಬ್ರೇಕ್ ಹೊಡೆದೆ. ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚು ಸಿಟ್ಟು.

ಆ ಸಿಟ್ಟಿನಲ್ಲೇ ತಲೆಗೆ ಹೊಳೆಯಿತು. ಟರ್ಬೊ ತಿರುಗುವುದು ಎಂಜಿನ್ನು ಬಿಡುವ ಹೊಗೆಯ ರಭಸಕ್ಕೆ. ಕ್ಲಚ್ ಬಿಡುವ ಹೊತ್ತಿನಲ್ಲಿ ಎಂಜಿನ್ನು ಸಾವಿರ ಸುತ್ತಿನ ಆಸುಪಾಸಿನಲ್ಲಿರುತ್ತದೆ. ಆಗ ಹೊಗೆಯೂ ಕಡಿಮೆ, ಟರ್ಬೊ ಇನ್ನೂ ನಿದ್ದೆಯಲ್ಲಿರುತ್ತದೆ. ನೂರಾ ಎಪ್ಪತ್ತು ಇರುವುದು ಹದಿನೆಂಟು ನೂರರಲ್ಲಿ, ನಾನಿರುವುದು ಸಾವಿರದಲ್ಲಿ. ಊಟಕ್ಕಿಲ್ಲದ ಉಪ್ಪಿನಕಾಯಿ. ರಿವ್ಯೂದಲ್ಲಿ ಹೇಳಿದ್ದು ಸುಳ್ಳಲ್ಲ, ಆದರೆ ಅದು ಶಿಖರದ ಸಂಖ್ಯೆ. ನನಗೆ ಬೇಕಾದದ್ದು ಬುಡದ್ದು, ಅದನ್ನು ಯಾರೂ ಹೇಳಿರಲಿಲ್ಲ.

ಎರಡನೆಯ ಗಾಡಿ, ಅದೇ ಮಂದಿ, ಅದೇ ಎಸಿ. ಅತ್ತೆಯನ್ನು ಒಪ್ಪಿಸಿ ಹತ್ತಿಸಬೇಕಾಯಿತು. ತುದಿಯಲ್ಲಿ ನಿಂತೆ. ಕ್ಲಚ್ ಬಿಡುತ್ತ ಬಂದೆ, ಸ್ವಲ್ಪವೇ ರೇಸ್ ಕೊಟ್ಟೆ. ಮುಂದಿನ ಮೂತಿ ಎತ್ತಿ, ಗೊಣಗಿ, ಹತ್ತಿತು. ಮತ್ತೆ ಇಳಿದೆ, ಮತ್ತೆ ನಿಂತೆ, ಮತ್ತೆ ಹತ್ತಿತು. ಎಂಜಿನ್ನು ತುಸು ದೊಡ್ಡದು, ಟರ್ಬೊ ಏಳಲಿ ಎಂದು ಕಾಯುವ ಹಂಗಿಲ್ಲ, ಬುಡದ ಒತ್ತು ಮೊದಲೇ ಸಿಗುತ್ತದೆ. ಹೈವೇಯಲ್ಲಿ ಲಾರಿ ದಾಟಿಸಲು ಇದು ಆ ಟರ್ಬೊದಷ್ಟು ಚುರುಕಲ್ಲ, ಗೊತ್ತು. ಗೇಟೇ ದಾಟದವರಿಗೆ ಹೈವೇ ಯಾಕೆ?

"ಇದ ಇರ್ಲಿ," ಎಂದರು ಅತ್ತೆ.

ಕಾರು ಬಂದ ಮೊದಲ ಮುಂಜಾನೆ ಗಂಡನಿಗೆ ರಜೆ, ನನ್ನನ್ನು ಬಿಡಲು ಬರುತ್ತೇನೆಂದು ಪಕ್ಕದಲ್ಲಿ ಕೂತರು. ರ‍್ಯಾಂಪು ಹತ್ತುವಾಗ ಅವರ ತಮ್ಮನ ಫೋನು. ಅವನೂ ಕಾರು ನೋಡುತ್ತಿದ್ದ.

"ಹಾರ್ಸ್‌ಪವರ್ ನೋಡಬ್ಯಾಡೋ ತಮ್ಮಾ," ಎಂದು ಇವರು ಶುರು ಮಾಡಿದರು. "ಟಾರ್ಕ್ ಎಷ್ಟೈತಿ ಅನ್ನೂದಕ್ಕಿಂತ ಯಾವ ಆರ್‌ಪಿಎಂಗೆ ಸಿಗತೈತಿ ಅನ್ನೂದು ಮುಖ್ಯ. ನಾನು ಅದನ್ನೆಲ್ಲಾ ಸ್ಟಡಿ ಮಾಡಿದೀನಿ. ಬೀಸುಕಲ್ಲು ಗೊತ್ತಲ್ಲ ನಿನಗ?"

ನನ್ನ ಬೀಸುಕಲ್ಲಿನ ಲೆಕ್ಕವೂ ಅವರದಾಯಿತು. ತುದಿಯಲ್ಲಿ ನಿಂತೆ, ಸ್ಕೂಲ್ ಬಸ್ಸಿಗೆ ದಾರಿ ಬಿಟ್ಟೆ, ಕ್ಲಚ್ ಬಿಟ್ಟೆ, ಹತ್ತಿ ರಸ್ತೆಗೆ ತಿರುಗಿದೆ. ಆಗ ಎಡಕ್ಕೆ ನೋಡಿದೆ. ಒಂದು ಕೈಯಲ್ಲಿ ಫೋನು ಹಿಡಿದು ಭಾಷಣ ಮಾಡುತ್ತಿದ್ದ ಮಹಾಶಯರ ಇನ್ನೊಂದು ಕೈ ಹ್ಯಾಂಡ್‌ಬ್ರೇಕನ್ನು ಬಿಗಿಯಾಗಿ ಹಿಡಿದಿತ್ತು, ಎಳೆಯಲು ತಯಾರಾಗಿ.

"ಕೈ ತಗೀರಿ," ಎಂದೆ. "ಏರು ಮುಗೀತು."